ಅಗಲವಾದ ಕೋಷ್ಟಕವನ್ನು ಫೋನಿಗೆ ಹೊಂದಿಸುವುದು: ಅನುಭವ ಹಂಚಿಕೊಳ್ಳಿ

ಕೇಳಿದವರು: ಅಂಚೆ ಕಚೇರಿಯ ಉಳಿತಾಯ ಯೋಜನೆಗಳನ್ನು ಹೋಲಿಸುವ ಏಳು ಕಾಲಮ್ಮುಗಳ ಕೋಷ್ಟಕವೊಂದು ನನ್ನಲ್ಲಿದೆ. ನಿವೃತ್ತರ ವಾಟ್ಸಾಪ್ ಗುಂಪಿನವರು ಫೋನಿನಲ್ಲೇ ಸುಲಭವಾಗಿ ಓದುವಂತೆ ಅದನ್ನು ಬರೆಯುವುದು ಹೇಗೆ?

ವೆಬ್ ಕೆಲಸದವರು: ಇದಕ್ಕೆ ಕೈಯಿಂದ ಏನನ್ನೂ ಬರೆಯಬೇಕಾಗಿಲ್ಲ. ಕೋಷ್ಟಕದ ಸಾಲು ಮತ್ತು ಕೋಶಗಳಿಗೆ `display: block` ಕೊಟ್ಟು, ಕಾಲಮ್ಮಿನ ಹೆಸರನ್ನು `data-label` ಮೂಲಕ ಪ್ರತಿ ಕೋಶದ ಮುಂದೆ ತೋರಿಸಿದರೆ, ಸಣ್ಣ ಪರದೆಯಲ್ಲಿ ಎಲ್ಲವೂ ಒಂದರ ಕೆಳಗೊಂದು ಬರುತ್ತದೆ.

ಪ್ರಕಟಣಾ ಸಂಪಾದಕಿ: ಸರ್, ವೆಬ್ ಪುಟಕ್ಕೆ ನಿಮ್ಮ ವಿಧಾನ ಸರಿ, ಆದರೆ ವಾಟ್ಸಾಪ್ ಸಂದೇಶದಲ್ಲಿ ಅದು ನಡೆಯುವುದಿಲ್ಲ. ಅಲ್ಲದೆ, ಕಾಲಮ್ಮುಗಳ ಮೂಲ ಕ್ರಮವೇ ಉಳಿಯುವುದರಿಂದ ಓದುಗರಿಗೆ ಮೊದಲು ಬೇಕಾದದ್ದು ಆರನೆಯ ಸಾಲಿನಲ್ಲಿ ಸಿಕ್ಕೀತು. ನಿವೃತ್ತರು ಮೊದಲು ಕೇಳುವುದು ಬಡ್ಡಿ ಯಾವಾಗ ಕೈಗೆ ಬರುತ್ತದೆ ಎಂದು. ಆದ್ದರಿಂದ ಪ್ರತಿ ಯೋಜನೆಯ ಕೆಳಗೆ ಅದನ್ನೇ ಮೊದಲು ಬರೆದು, ಉಳಿದ ವಿವರಗಳನ್ನು ಎಲ್ಲ ಯೋಜನೆಗಳಿಗೂ ಒಂದೇ ಕ್ರಮದಲ್ಲಿ ಕೊಡಿ.

```
*ಹಿರಿಯ ನಾಗರಿಕರ ಉಳಿತಾಯ ಯೋಜನೆ*
- ಬಡ್ಡಿ: ಮೂರು ತಿಂಗಳಿಗೊಮ್ಮೆ
- ಮಿತಿ: ಒಟ್ಟು 30 ಲಕ್ಷ ರೂ.
- ಅವಧಿ: 5 ವರ್ಷ

*ಮಾಸಿಕ ಆದಾಯ ಯೋಜನೆ*
- ಬಡ್ಡಿ: ಪ್ರತಿ ತಿಂಗಳು
- ಮಿತಿ: ಒಬ್ಬರಿಗೆ 9 ಲಕ್ಷ, ಜಂಟಿಯಾಗಿ 15 ಲಕ್ಷ ರೂ.
- ಅವಧಿ: 5 ವರ್ಷ
```

ಸಾಲಿನ ಆರಂಭದಲ್ಲಿ ಅಡ್ಡಗೆರೆ ಹಾಕಿ ಒಂದು ಜಾಗ ಬಿಟ್ಟರೆ ವಾಟ್ಸಾಪ್ ಅದನ್ನು ಬುಲೆಟ್ ಆಗಿ ತೋರಿಸುತ್ತದೆ, ನಕ್ಷತ್ರ ಚಿಹ್ನೆಗಳ ನಡುವಿನ ಹೆಸರು ದಪ್ಪಕ್ಷರವಾಗುತ್ತದೆ.

ಹೆಚ್ಚು ಎಚ್ಚರ ಬೇಕಾದದ್ದು ಮಿತಿಯ ವಿಷಯದಲ್ಲಿ. ಕೋಷ್ಟಕದಲ್ಲಿ "ಗರಿಷ್ಠ" ಎಂಬ ಒಂದೇ ಶೀರ್ಷಿಕೆಯ ಕೆಳಗೆ 30 ಲಕ್ಷವೂ ಪಿಪಿಎಫ್‌ನ 1.5 ಲಕ್ಷವೂ ಕುಳಿತಿರುತ್ತವೆ. ಮೊದಲನೆಯದು ಒಟ್ಟು ಠೇವಣಿಯ ಮಿತಿ, ಎರಡನೆಯದು ಒಂದು ಹಣಕಾಸು ವರ್ಷದ್ದು. ಬಿಡಿಸಿ ಬರೆಯುವಾಗ "ಒಟ್ಟು", "ವರ್ಷಕ್ಕೆ" ಎಂಬ ಪದಗಳನ್ನು ಆಯಾ ಸಾಲಿನಲ್ಲೇ ಸೇರಿಸದಿದ್ದರೆ ಓದುಗರು ಎರಡನ್ನೂ ಒಂದೇ ಅಳತೆಯೆಂದು ತಿಳಿಯುತ್ತಾರೆ. ಅಡಿಟಿಪ್ಪಣಿಯಲ್ಲಿರುವ ಷರತ್ತುಗಳೂ ಹೀಗೆಯೇ ಆಯಾ ಯೋಜನೆಯೊಳಗೆ ಬರಬೇಕು. ಖಾಲಿ ಕೋಶವಿದ್ದಲ್ಲಿ "ಮಿತಿ ಇಲ್ಲ" ಎಂದೋ "ಅನ್ವಯಿಸದು" ಎಂದೋ ಸ್ಪಷ್ಟವಾಗಿ ಬರೆಯಿರಿ, ಏಕೆಂದರೆ ಅವುಗಳ ಅರ್ಥ ಬೇರೆ ಬೇರೆ.

ಕೃಷಿಕರು: ನಾನು ಭತ್ತದ ತಳಿಗಳ ಕೋಷ್ಟಕವನ್ನು ಫೋಟೊ ತೆಗೆದು ಕಳುಹಿಸುತ್ತೇನೆ. ಫೋನನ್ನು ಅಡ್ಡ ಹಿಡಿದು ದೊಡ್ಡದು ಮಾಡಿಕೊಂಡರೆ ಎಲ್ಲವೂ ಕಾಣುತ್ತದೆ.

ಪ್ರಕಟಣಾ ಸಂಪಾದಕಿ: ದೊಡ್ಡದು ಮಾಡಿದಾಗ ಮೇಲಿನ ಶೀರ್ಷಿಕೆಯೂ ಎಡಗಡೆಯ ಹೆಸರೂ ಪರದೆಯಿಂದ ಹೊರಗೆ ಹೋಗಿ, ನಡುವೆ ಅಂಕಿ ಮಾತ್ರ ಉಳಿಯುತ್ತದೆ. ಗುಂಪಿನಲ್ಲಿ ಪದ ಹುಡುಕಿದರೂ ಫೋಟೊದೊಳಗಿನ ಬರಹ ಸಿಗುವುದಿಲ್ಲ.

ಕೇಳಿದವರು: ಮೇಡಂ, ಹಲವು ಯೋಜನೆಗಳ ಅವಧಿ 5 ವರ್ಷವೇ ಆಗಿರುವಾಗ ಅದನ್ನು ಮೇಲೆ ಒಮ್ಮೆ ಹೇಳಿದರೆ ಸಾಲದೇ?

ಪ್ರಕಟಣಾ ಸಂಪಾದಕಿ: ಸಂದೇಶ ಚಿಕ್ಕದಾಗುವುದು ನಿಜ. ಆದರೆ ಯಾರಾದರೂ ಒಂದೇ ಯೋಜನೆಯ ಭಾಗವನ್ನು ನಕಲು ಮಾಡಿ ಮಗಳಿಗೆ ಕಳುಹಿಸಿದರೆ ಅವಧಿ ಅಲ್ಲಿರುವುದಿಲ್ಲ. ನಾನು ಪ್ರತಿಯೊಂದರಲ್ಲೂ ಬರೆಯುತ್ತೇನೆ.

ವೆಬ್ ಕೆಲಸದವರು: ಐದು ಯೋಜನೆಗಳಿಗೆ ಅದು ಸರಿ, ಹದಿನೈದಾದರೆ ಯಾರೂ ಕೊನೆಯವರೆಗೆ ಓದಲಾರರು. ಅಂಥಲ್ಲಿ ನಾನು ಮೇಲೆ ಒಮ್ಮೆ ಮಾತ್ರ ಹೇಳುತ್ತೇನೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ, ದರವನ್ನು ಸೇರಿಸುವುದಾದರೆ ಅದೇ ಸಾಲಿನಲ್ಲಿ ಯಾವ ತ್ರೈಮಾಸಿಕದ್ದೆಂದೂ ಬರೆಯಿರಿ.