ಅಪ್‌ಡೇಟ್: ಟ್ರೆಂಡಿಂಗ್ ಆಡಿಯೋದಲ್ಲಿ ನಮ್ಮ ಗಾಣದ ಎಣ್ಣೆ

ನನ್ನ ಪ್ರಶ್ನೆ: ಟ್ರೆಂಡಿಂಗ್ ಆಡಿಯೋ ಹಾಕಿದರೆ ರೀಲ್ ಓಡುತ್ತದೆ, ಆದರೆ ನಮ್ಮ ಎಣ್ಣೆಯ ವಿಷಯ ಯಾರಿಗೂ ತಲುಪುವುದಿಲ್ಲ. ಏನು ಮಾಡಲಿ?

ಅಪ್‌ಡೇಟ್: ನೀವೆಲ್ಲ ಹೇಳಿದಂತೆ ಮೊದಲು ಒಂದೇ ವಾಕ್ಯ ಬರೆದುಕೊಂಡೆ: "ಶೇಂಗಾ ಬಿಸಿ ಮಾಡದೆ ಮರದ ಗಾಣದಲ್ಲಿ ತೆಗೆದ ಎಣ್ಣೆ." ಆಮೇಲೆ ಅದಕ್ಕೆ ಹೊಂದುವ ಆಡಿಯೋ ಹುಡುಕಿದೆ. ನಮ್ಮದು ಬಿಸಿನೆಸ್ ಅಕೌಂಟ್, ಹೆಚ್ಚಿನ ಸಿನಿಮಾ ಹಾಡು ಸಿಗುವುದಿಲ್ಲ. ವ್ಯಾಪಾರಕ್ಕೆ ಬಳಸಬಹುದಾದವುಗಳಲ್ಲೇ ನಿಧಾನವಾಗಿ ಶುರುವಾಗುವ ಒಂದು ಸಿಕ್ಕಿತು. ಬೀಟ್ ಬದಲಾಗುವ ಕಡೆಯೇ ಎಣ್ಣೆ ಇಳಿಯುವ ಶಾಟ್ ಇಟ್ಟೆ. ವಾಕ್ಯ ಮಾತ್ರ ಮೊದಲ ಸೆಕೆಂಡಿನಿಂದಲೇ ಪರದೆ ಮೇಲಿದೆ.

ಮ್ಯೂಟ್ ಮಾಡಿ ಪಕ್ಕದ ಮನೆ ಅಕ್ಕನಿಗೆ ತೋರಿಸಿದೆ. "ಗಾಣದ ಎಣ್ಣೆ ಅಲ್ವಾ?" ಎಂದರು. ಆಗಲೇ ಪೋಸ್ಟ್ ಮಾಡಿದ್ದು.

ವ್ಯೂಸ್ ಹಿಂದಿನದಕ್ಕಿಂತ ಕಡಿಮೆ. ಆದರೆ ಕಾಮೆಂಟ್‌ನಲ್ಲಿ "ಯಾವ ಹಾಡು?" ಹೋಗಿ "ಲೀಟರ್‌ಗೆ ಎಷ್ಟು? ಕರಿಯೋಕೆ ಆಗುತ್ತಾ?" ಬರುತ್ತಿದೆ.