ಶೇರ್ ಮಾರಿದ ದುಡ್ಡು ಲೆಡ್ಜರಲ್ಲಿದೆ, ಬ್ಯಾಂಕಲ್ಲಿಲ್ಲ!

ಹೊಳಲ್ಕೆರೆ_ತೋಟ (ಶನಿವಾರ, ಬೆಳಿಗ್ಗೆ 9:40)
200 ಶೇರ್ 412 ರೂಪಾಯಿಗೆ ಮಾರಿದೆ. ಒಟ್ಟು 82,400. ಬ್ರೋಕರ್ ಆ್ಯಪಿನ ಲೆಡ್ಜರಲ್ಲಿ ಬಂದಿರುವುದು 62,244.09. ಇಪ್ಪತ್ತು ಸಾವಿರ ಎಲ್ಲಿ ಹೋಯಿತು? ಬಂದಿದ್ದನ್ನಾದರೂ ತೆಗೆಯೋಣ ಅಂದರೆ ಆ್ಯಪ್ ಬಿಡುತ್ತಿಲ್ಲ. ತೋಟದಲ್ಲಿ ಬೋರ್ ಲಾರಿ ನಿಂತಿದೆ, ಏಜೆಂಟ್ ದುಡ್ಡು ಕೊಟ್ಟರೇ ರಾಡ್ ಇಳಿಸುವುದು ಅನ್ನುತ್ತಿದ್ದಾನೆ. ಬೇಗ ಹೇಳಿ.

ಬೆಣ್ಣೆದೋಸೆ_ಟ್ರೇಡರ್
ಶೇರ್ ಹೊರಗೆ ಬಿಡಲು ಟಿಪಿನ್ ಕೊಟ್ಟಿದ್ದೀರಾ? ಕೊಟ್ಟಿರಲ್ಲ. ಶೇರ್ ಹೋಗಿಲ್ಲ ಅಂದರೆ ದುಡ್ಡು ಎಲ್ಲಿಂದ ಬರಬೇಕು. ಹರಾಜಿಗೆ ಹೋಗುತ್ತದೆ, ದಂಡ ಬೀಳುತ್ತದೆ.

ಹೊಳಲ್ಕೆರೆ_ತೋಟ
ಕೊಟ್ಟೆ ಸರ್. ಓಟಿಪಿನೂ ಬಂತು.

ಬೆಣ್ಣೆದೋಸೆ_ಟ್ರೇಡರ್
ಇನ್ನೊಮ್ಮೆ ನೋಡಿ. ನನಗೂ ಹಿಂಗೇ ಆಗಿತ್ತು. 90% ಟಿಪಿನ್ನೇ.

ಲೆಕ್ಕದ_ಮೇಷ್ಟ್ರು
ಟಿಪಿನ್ ಬಿಡಿ. ಶೇರ್ ಆವತ್ತೇ ಡಿಮ್ಯಾಟಲ್ಲಿ ಬ್ಲಾಕ್ ಆಗಿರುತ್ತದೆ. ತೋಟದವರೇ, ಎರಡು ಪ್ರಶ್ನೆ. ಮಾರಿದ್ದು ಯಾವತ್ತು? ಅವತ್ತೇ ಬೇರೆ ಏನಾದರೂ ಕೊಂಡಿರಾ?

ಹೊಳಲ್ಕೆರೆ_ತೋಟ
ನಿನ್ನೆ, ಶುಕ್ರವಾರ ಮಧ್ಯಾಹ್ನ. ಕೊಂಡಿದ್ದು ಒಂದೇ, 40 ಶೇರ್ 500ರ ಹಾಗೆ. ಅದು ಬೇರೆ ಕಂಪನಿದು, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಲೆಕ್ಕದ_ಮೇಷ್ಟ್ರು
ಅಲ್ಲೇ ಇದೆ ನಿಮ್ಮ ಇಪ್ಪತ್ತು ಸಾವಿರ. ಒಂದೇ ದಿನದ ಕೊಳ್ಳುವುದು, ಮಾರುವುದು ಎರಡನ್ನೂ ಕೂಡಿ ಕಳೆದು ಲೆಡ್ಜರಿಗೆ ಒಂದೇ ಸಾಲಾಗಿ ಹಾಕುತ್ತಾರೆ. ನಿನ್ನೆಯ ಕಾಂಟ್ರಾಕ್ಟ್ ನೋಟ್ ತೆಗೆದು ನೋಡಿ. ಮಾರಿದ್ದರಲ್ಲಿ ಖರ್ಚು ಕಳೆದು 82,291 ಚಿಲ್ಲರೆ, ಕೊಂಡಿದ್ದಕ್ಕೆ ಖರ್ಚು ಸೇರಿ 20,047 ಚಿಲ್ಲರೆ ಇರಬೇಕು. ಕಳೆದರೆ ನೀವು ಹೇಳಿದ ಅಂಕಿಯೇ ಬರುತ್ತದೆ. ಖರ್ಚಲ್ಲಿ ದೊಡ್ಡದು ಎಸ್‌ಟಿಟಿ, ಶೇರ್ ವಹಿವಾಟಿನ ತೆರಿಗೆ, ಸಾವಿರಕ್ಕೆ ಒಂದು ರೂಪಾಯಿ, ಎರಡೂ ಕಡೆ.

ಇನ್ನು ದುಡ್ಡು. ಲೆಡ್ಜರಲ್ಲಿ ಶುಕ್ರವಾರದ ತಾರೀಕು ಇರುವುದು ಬಿಲ್ ಆಗಿದ್ದಕ್ಕೆ. ದುಡ್ಡು ಬ್ರೋಕರ್ ಕೈಗೂ ಇನ್ನೂ ಬಂದಿಲ್ಲ. `Withdrawable Balance` ಅಂತ ಬೇರೆ ಸಾಲು ಇರುತ್ತದೆ, ಅದು ಈಗ 0 ಇರಬೇಕು ಅಲ್ವಾ?

ಹೊಳಲ್ಕೆರೆ_ತೋಟ
ಹೌದು, 0. ನೋಟಲ್ಲೂ ನೀವು ಹೇಳಿದ ಹಾಗೇ ಇದೆ. ಆದರೆ ಯುಪಿಐಯಲ್ಲಿ ಎರಡು ಸೆಕೆಂಡಿಗೆ ಹೋಗುತ್ತದೆ, ಇದಕ್ಕೇನು ರೋಗ?

ಲೆಕ್ಕದ_ಮೇಷ್ಟ್ರು
ಯುಪಿಐಯಲ್ಲಿ ನೀವು ಕೊಡುತ್ತೀರಿ, ಅವನು ತಗೊಳ್ಳುತ್ತಾನೆ, ಮುಗಿಯಿತು. ಇಲ್ಲಿ ನಿಮ್ಮ ಶೇರ್ ಕೊಂಡವನು ಯಾರೋ, ಅವನ ಬ್ರೋಕರ್ ಯಾರೋ. ಮಧ್ಯೆ ಕ್ಲಿಯರಿಂಗ್ ಕಾರ್ಪೊರೇಷನ್ ಕೂತಿದೆ. ಮಾರ್ಕೆಟ್ 3:30ಕ್ಕೆ ಮುಚ್ಚಿದ ಮೇಲೆ ಯಾವ ಬ್ರೋಕರ್ ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಬರಬೇಕು ಅಂತ ಕೂಡಿ ಕಳೆಯುತ್ತದೆ. ಮಾರನೇ ಕೆಲಸದ ದಿನ ಕೊಂಡವರ ಕಡೆಯಿಂದ ದುಡ್ಡು, ಮಾರಿದವರ ಕಡೆಯಿಂದ ಶೇರ್ ಎರಡೂ ಕೈಗೆ ಬಂದ ಮೇಲೇ ಹಂಚುತ್ತದೆ. ನಿಮ್ಮ ಶೇರ್ ಹೋಗಿ ದುಡ್ಡು ಬರದೆ ಇರಬಾರದಲ್ಲ, ಅದಕ್ಕೇ ಈ ಒಂದು ದಿನ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಸೋಮವಾರ ಮಧ್ಯಾಹ್ನದ ಮೇಲೆ ನೋಡಿ.

ಕೋಟೆ_ಹುಡುಗಿ
ಮಾರಿದ ದಿನವೇ ದುಡ್ಡು ಕೊಡುವ ಟಿ+0 ಬಂದಿದೆಯಲ್ಲ ಮೇಷ್ಟ್ರೇ, 2024ರ ಮಾರ್ಚಲ್ಲೇ. ಈಗ ಯಾಕೆ ಕಾಯಬೇಕು?

ಲೆಕ್ಕದ_ಮೇಷ್ಟ್ರು
ಬಂತು, 25 ಕಂಪನಿಗಳ ಶೇರಿಗೆ ಶುರುವಾಯಿತು. ಆದರೆ ಅದು ಬೇಕಾದವರು ಆರಿಸಿಕೊಳ್ಳುವುದು, ಬ್ರೋಕರೂ ಕೊಟ್ಟಿರಬೇಕು. ಮಾಮೂಲಿ ಆರ್ಡರ್ ಹಾಕಿದರೆ ಟಿ+1ಕ್ಕೇ, ಅಂದರೆ ಮಾರನೇ ಕೆಲಸದ ದಿನಕ್ಕೇ ಹೋಗುತ್ತದೆ.

ಕೋಟೆ_ಹುಡುಗಿ
ನಮ್ಮಮ್ಮಂದು ಮೂರು ವಾರ ಆಗಿತ್ತು. ಬ್ಯಾಂಕ್ ಮರ್ಜ್ ಆಗಿ ಐಎಫ್‌ಎಸ್‌ಸಿ ಬದಲಾಗಿತ್ತು, ದುಡ್ಡು ಹೋಗಿ ವಾಪಸ್ ಬರುತ್ತಿತ್ತು. ಅದನ್ನೂ ನೋಡಿಕೊಳ್ಳಿ.

ಪಿಜೆ_ಬಡಾವಣೆ
ಸುಮ್ನೆ ಬಿಡಿ, ವಿತ್‌ಡ್ರಾ ಹಾಕುವುದೇ ಬೇಡ. ಮೂರು ತಿಂಗಳಿಗೊಮ್ಮೆ ಮೊದಲ ಶುಕ್ರವಾರ ಬ್ರೋಕರೇ ಬ್ಯಾಂಕಿಗೆ ಹಾಕುತ್ತಾನೆ, ಸೆಬಿ ರೂಲ್. ನಾನು ಮೂರು ಸ್ಕ್ರೀನ್ ಇಟ್ಟುಕೊಂಡು ದಿನಾ ಟ್ರೇಡ್ ಮಾಡುತ್ತೇನೆ, ಒಂದು ಸಲನೂ ವಿತ್‌ಡ್ರಾ ಹಾಕಿಲ್ಲ.

ಲೆಕ್ಕದ_ಮೇಷ್ಟ್ರು
ಆ ರೂಲ್ ಇರುವುದು ನಿಜ, ಸುಮ್ಮನೆ ಬಿದ್ದಿರುವ ದುಡ್ಡಿಗೆ. ಬೋರ್ ಲಾರಿ ಅಲ್ಲಿವರೆಗೂ ನಿಲ್ಲುತ್ತದಾ? ತೋಟದವರೇ, ಸೋಮವಾರ ನೀವೇ ರಿಕ್ವೆಸ್ಟ್ ಹಾಕಬೇಕು, ತಾನಾಗೇ ಬರಲ್ಲ. ಬ್ರೋಕರ್ ಹೇಳಿದ ಸಮಯ ಮೀರಿದರೆ ಮಾರನೇ ದಿನಕ್ಕೆ. ಶೇರ್ ಡಿಮ್ಯಾಟಿಂದ ಹೊರಟಿದ್ದಕ್ಕೆ ಡಿಪಿ ಚಾರ್ಜ್ ಅಂತ ಇನ್ನೊಂದು ಸಾಲು ಬರುತ್ತದೆ, ಆ ಚಿಲ್ಲರೆಗೆ ಹೆದರಬೇಡಿ.

ಬೆಣ್ಣೆದೋಸೆ_ಟ್ರೇಡರ್
ಟಿಪಿನ್ ಒಂದ್ಸಲ ನೋಡಿ ಅಂದೆ ಅಷ್ಟೇ.

ಹೊಳಲ್ಕೆರೆ_ತೋಟ (ಮಂಗಳವಾರ)
ಸೋಮವಾರ ಸಂಜೆ 62,228.75 ತೋರಿಸಿತು, ಡಿಪಿ 15.34 ಹೋಗಿದೆ. ಆಗಲೇ ರಿಕ್ವೆಸ್ಟ್ ಹಾಕಿದೆ, ಇವತ್ತು ಬೆಳಿಗ್ಗೆ ಮೆಸೇಜ್ ಬಂತು. ಆದರೆ ಬ್ಯಾಂಕಿಗೆ ಬಂದಿರುವುದು 62,000 ಮಾತ್ರ. 228 ಯಾಕೆ ಹಿಡಿದರು?

ಲೆಕ್ಕದ_ಮೇಷ್ಟ್ರು
ರಿಕ್ವೆಸ್ಟಲ್ಲಿ ಎಷ್ಟು ಬರೆದಿರಿ?

ಪಿಜೆ_ಬಡಾವಣೆ
ಬೋರಲ್ಲಿ ನೀರು ಬಂತಾ ಗುರು? ಎಷ್ಟು ಅಡಿಗೆ?