ಸಂಘದ ಮುಂದೆ ತರಕಾರಿ ಆ್ಯಪ್ ಬಗ್ಗೆ ಮಾತು: ಅನುಭವ ಇದ್ದವರು ಹೇಳಿ

"ಕೋಲಾರದ ಹತ್ತಿರ ನಮ್ಮೂರ ಸಹಕಾರ ಸಂಘದ ಆಡಳಿತ ಮಂಡಳಿ ಮುಂದೆ ಹತ್ತು ನಿಮಿಷ ಮಾತಾಡಬೇಕು. ಸದಸ್ಯರ ತರಕಾರಿಯನ್ನು ನೇರ ಮನೆಗಳಿಗೆ ಮಾರುವ ಆ್ಯಪ್ ಮಾಡಿದ್ದೇವೆ. ಏನು ಹೇಳಿದರೆ ಒಪ್ಪುತ್ತಾರೆ?"

ಟೊಮೆಟೊ ಬೆಳೆಗಾರ: ದಲ್ಲಾಳಿ ಇರಲ್ಲ, ಕಮಿಷನ್ ಪೂರ್ತಿ ಉಳಿಯುತ್ತೆ ಅನ್ನಿ. ಅಷ್ಟು ಸಾಕು, ಚಪ್ಪಾಳೆ ಬೀಳುತ್ತೆ.

ಹಿಂದೆ ಸಂಘದ ಕಾರ್ಯದರ್ಶಿಯಾಗಿದ್ದವರು: ಅಣ್ಣ, ಅದನ್ನು ಹೇಳಿಯೇ ನಾವು ಕೆಟ್ಟೆವು. ಸಭೆಯಲ್ಲಿ ಕೂತವರಲ್ಲಿ ಅರ್ಧ ಜನ ಬೀಜ, ಗೊಬ್ಬರಕ್ಕೆ ಮಂಡಿಯವರ ಹತ್ತಿರ ಅಡ್ವಾನ್ಸ್ ತಗೊಂಡಿದ್ದರು. ಅವರು ಮಾಲನ್ನು ಬೇರೆ ಕಡೆ ಹೇಗೆ ಹಾಕುತ್ತಾರೆ? ತಮ್ಮ, "ಮಂಡಿ ಬಿಡಿ" ಅನ್ನಬೇಡ. "ಸ್ವಲ್ಪ ಮಾಲು ಮಾತ್ರ ಇಲ್ಲಿಗೆ ಕೊಡಿ" ಅನ್ನು.

ಆಮೇಲೆ ಬೋರ್ಡ್ ಮೇಲೆ ಒಬ್ಬ ಸದಸ್ಯನ ಲೆಕ್ಕ ಬರಿ. ಹದಿನೈದು ಕೆಜಿಯ 10 ಬಾಕ್ಸ್ ಟೊಮೆಟೊ ಅಂದುಕೋ. ಮಂಡಿಯಲ್ಲಿ ಬಾಕ್ಸ್‌ಗೆ 200 ರೂಪಾಯಿ ಸಿಕ್ಕಿ, ಕಮಿಷನ್, ಹಮಾಲಿ, ಗಾಡಿ ಬಾಡಿಗೆ ಸೇರಿ 40 ಹೋದರೆ ಕೈಗೆ ಬರೋದು 1,600. ಈಗ 4 ಬಾಕ್ಸ್ ಆ್ಯಪ್‌ಗೆ. 60 ಕೆಜಿಯಲ್ಲಿ ಒಡೆದದ್ದು, ಸಣ್ಣದು 6 ಕೆಜಿ ತೆಗೆದರೆ 54. ಕೆಜಿಗೆ 22ರಂತೆ 1,188. ಡೆಲಿವರಿಗೂ ಸಂಘಕ್ಕೂ 250 ಕಳೆದರೆ 938. ಉಳಿದ 6 ಬಾಕ್ಸ್ ಮಂಡಿಯಲ್ಲಿ 960. ಒಟ್ಟು 1,898, ಅಂದರೆ ಸುಮಾರು 300 ಜಾಸ್ತಿ. ನಿಮ್ಮೂರ ದರ ಹಾಕಿ ನೋಡಿ. ಆ 250ರ ಖರ್ಚು ದುಪ್ಪಟ್ಟಾದರೆ ಈ ಲಾಭ ಹೆಚ್ಚೇನೂ ಉಳಿಯಲ್ಲ. ಅದನ್ನೂ ನೀನೇ ಹೇಳಿಬಿಡು. ಅವರು ಕಂಡುಹಿಡಿದರೆ ಮರ್ಯಾದೆ ಹೋಗುತ್ತೆ.

ಹಾಲಿನ ಡೈರಿಯಲ್ಲಿ ಕೆಲಸ ಮಾಡುವವಳು: ಆ್ಯಪ್ ಪರದೆ ತೋರಿಸ್ತಾ ಕೂರಬೇಡಿ. ನಮ್ಮೂರಿನ ಅಮ್ಮಂದಿರು ದಿನಾ ಡೈರಿಗೆ ಹಾಲು ಹಾಕ್ತಾರೆ. ಅಳತೆ, ಫ್ಯಾಟ್, ಪುಸ್ತಕದಲ್ಲಿ ಎಂಟ್ರಿ, ಆಮೇಲೆ ಬಟವಾಡೆ. ಅವರಿಗೆ ಕೀಪ್ಯಾಡ್ ಫೋನ್ ಸಾಕು, ಯಾಕಂದ್ರೆ ಎಂಟ್ರಿ ಮಾಡೋದು ಡೈರಿಯವರು. ನಿಮ್ಮದೂ ಹಾಗೇ ಇರಲಿ, ಸಂಘದ ಹುಡುಗ ಫೋನ್ ಹಿಡಿಯಲಿ. ದುಡ್ಡು ಯಾವ ವಾರ ಬರುತ್ತೆ ಅನ್ನೋದನ್ನು ಮಾತ್ರ ಮೊದಲೇ ಹೇಳಿ.

ಈರುಳ್ಳಿ ಬೆಳೆಗಾರ: ಇದು ಇ-ನಾಮ್ ತರಾನಾ? ನನ್ನ ಲಾಟ್ ಟೆಂಡರ್‌ನಲ್ಲಿ ಕಡಿಮೆ ದರಕ್ಕೆ ಹೋಯಿತು, ಯಾರನ್ನು ಕೇಳಬೇಕು?

ಹಿಂದೆ ಕಾರ್ಯದರ್ಶಿಯಾಗಿದ್ದವರು: ಅಲ್ಲ ಸಾರ್. ಅದು ಮಾರುಕಟ್ಟೆಯೊಳಗಿನ ವ್ಯಾಪಾರ, ಇದು ಮನೆಮನೆಗೆ ಹಾಕೋದು. ನಿಮ್ಮ ಎಪಿಎಂಸಿ ಕಚೇರಿಯಲ್ಲಿ ವಿಚಾರಿಸಿ. ಹಾಂ, ಒಂದು ಮರೆತೆ. ಸಂಘದ ಬೈಲಾದಲ್ಲಿ ಮಾರಾಟದ ವ್ಯವಹಾರಕ್ಕೆ ಅವಕಾಶ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಮಂಡಳಿ ಒಪ್ಪಿದರೂ ಸರ್ವ ಸದಸ್ಯರ ಸಭೆಗೆ ಹೋಗಿ ತಿದ್ದಬೇಕು.

ಟೊಮೆಟೊ ಬೆಳೆಗಾರ: ಸರಿ, ಅಡ್ವಾನ್ಸ್ ವಿಷಯ ಒಪ್ಪಿದೆ. ಆದರೆ ಗಿರಾಕಿ "ಹಣ್ಣು ಮೆತ್ತಗಿದೆ" ಅಂತ ವಾಪಸ್ ಕೊಟ್ಟರೆ ನಷ್ಟ ಯಾರದು? ರೈತಂದಾ, ಸಂಘದ್ದಾ?

ಡೈರಿಯವಳು: ನಮ್ಮಲ್ಲಿ ಹಾಲು ಕೆಟ್ಟಿದ್ರೆ ಡೈರಿ ಬಾಗಿಲಲ್ಲೇ ವಾಪಸ್, ಒಳಗೆ ತಗೊಂಡ ಮೇಲೆ ರೈತರದ್ದಲ್ಲ.

ಹಿಂದೆ ಕಾರ್ಯದರ್ಶಿಯಾಗಿದ್ದವರು: ಟೊಮೆಟೊ ಹಾಲಲ್ಲಮ್ಮ, ಗಾಡಿಯಲ್ಲೂ ಮೆತ್ತಗಾಗುತ್ತೆ. ನಮ್ಮ ಸಂಘದಲ್ಲಿ ಇದೇ ಜಗಳ ಮೂರು ಸಭೆ ನಡೆಯಿತು, ಮುಗಿಯಲಿಲ್ಲ.